ಸಾವಿರ ವ್ಯೂಸ್‌ಗೆ ಎಷ್ಟು ಬರುತ್ತದೆ? ದೇಶ, ವಿಡಿಯೊ ಉದ್ದ, ಜಾಹೀರಾತಿನ ಜಾಗ ನೋಡಿ ಯೂಟ್ಯೂಬ್ ಆದಾಯ ಅಂದಾಜು ಮಾಡುವ ಕ್ರಮ

"ಒಂದು ಲಕ್ಷ ವ್ಯೂಸ್ ಬಂತು, ಅಂದುಕೊಂಡಿದ್ದರಲ್ಲಿ ಅರ್ಧ ದುಡ್ಡೂ ಬರಲಿಲ್ಲ, ಯಾಕೆ?" ಕನ್ನಡ ಚಾನೆಲ್ ನಡೆಸುವವರು ಪದೇ ಪದೇ ಕೇಳುವ ಪ್ರಶ್ನೆ ಇದು. ಹೆಚ್ಚಿನವರ ಲೆಕ್ಕ ತಪ್ಪುವುದು ಒಂದೇ ಜಾಗದಲ್ಲಿ. ಚಾನೆಲ್‌ನ ಸರಾಸರಿ ಆರ್‌ಪಿಎಂ, ಎಂದರೆ ಸಾವಿರ ವ್ಯೂಸ್‌ಗೆ ಕೈಗೆ ಬಂದ ಮೊತ್ತವನ್ನು, ಹೊಸ ವಿಡಿಯೊಗೆ ಬರಬಹುದಾದ ವ್ಯೂಸ್ ಜೊತೆ ಗುಣಿಸಿಬಿಡುತ್ತಾರೆ. ಆ ಸರಾಸರಿಯೊಳಗೆ ಬೇರೆ ಬೇರೆ ದೇಶದ ವೀಕ್ಷಕರು, ಉದ್ದದ ಮತ್ತು ಚಿಕ್ಕ ವಿಡಿಯೊಗಳು, ಕೆಲವೊಮ್ಮೆ ಶಾರ್ಟ್ಸ್ ಕೂಡ ಬೆರೆತಿರುತ್ತವೆ. ಹೊಸ ವಿಡಿಯೊದಲ್ಲಿ ಇವೆಲ್ಲ ಅದೇ ಪ್ರಮಾಣದಲ್ಲಿ ಬರುವುದು ಅಪರೂಪ.

ಬೇರೆ ಚಾನೆಲ್‌ನವರು ಹೇಳಿದ ದರವಾಗಲಿ, ಇಂಟರ್ನೆಟ್‌ನಲ್ಲಿ ಸಿಗುವ ಕ್ಯಾಲ್ಕುಲೇಟರ್ ತೋರಿಸುವ ದರವಾಗಲಿ ಈ ಕೆಲಸಕ್ಕೆ ಆಗುವುದಿಲ್ಲ. ನಿಮ್ಮದೇ ಚಾನೆಲ್‌ನ ಅಂಕಿಗಳಿಂದ ದೇಶವಾರು ದರಪಟ್ಟಿ ಮಾಡಿಕೊಂಡು, ಅದರ ಮೇಲೆ ಅಂದಾಜು ಕಟ್ಟಬೇಕು. ಅದನ್ನು ಯಾವ ಕ್ರಮದಲ್ಲಿ ಮಾಡಬೇಕು ಎಂಬುದು ಮುಂದಿದೆ.

ಉದಾಹರಣೆಗೆ ಬೆಂಗಳೂರಿನ ವಿಜಯನಗರದಿಂದ ನಡೆಯುವ ಒಂದು ತಾರಸಿ ತೋಟದ ಚಾನೆಲ್ ಇದೆ ಎಂದಿಟ್ಟುಕೊಳ್ಳೋಣ. ಕೆಳಗಿನ ರೂಪಾಯಿ ದರಗಳು ಲೆಕ್ಕ ತೋರಿಸಲು ಇಟ್ಟುಕೊಂಡವು, ಮಾರುಕಟ್ಟೆಯ ದರಗಳಲ್ಲ. ಅವುಗಳ ಜಾಗದಲ್ಲಿ ನಿಮ್ಮ ಅಂಕಿ ಹಾಕಿಕೊಳ್ಳಿ.

## ಶುರುಮಾಡುವ ಮೊದಲು ಬೇಕಾಗುವುದು

ಮಾನಿಟೈಸ್ ಆದ ಚಾನೆಲ್, ಕಂಪ್ಯೂಟರ್‌ನಲ್ಲಿ ತೆರೆದ ಯೂಟ್ಯೂಬ್ ಸ್ಟುಡಿಯೊ ಮತ್ತು ಒಂದು ಸ್ಪ್ರೆಡ್‌ಶೀಟ್ ಇದ್ದರೆ ಸಾಕು. ಮೊಬೈಲ್ ಆ್ಯಪ್‌ನಲ್ಲಿ ವಿವರವಾದ ಪಟ್ಟಿಗಳನ್ನು ತೆಗೆಯುವುದು ಕಷ್ಟ, ಹಾಗಾಗಿ ಈ ಕೆಲಸಕ್ಕೆ ಕಂಪ್ಯೂಟರೇ ಇರಲಿ. ಸ್ಟುಡಿಯೊದ `Settings` ಒಳಗೆ ಕರೆನ್ಸಿಯನ್ನು ರೂಪಾಯಿಗೆ ಬದಲಿಸಿಕೊಳ್ಳಿ. ಒಂದು ಪಟ್ಟಿ ಡಾಲರ್‌ನಲ್ಲಿ, ಇನ್ನೊಂದು ರೂಪಾಯಿಯಲ್ಲಿ ಇದ್ದರೆ ಹೋಲಿಕೆ ಮಾಡುವಾಗ ತಲೆಕೆಡುತ್ತದೆ.

ಚಾನೆಲ್ ಇನ್ನೂ ಮಾನಿಟೈಸ್ ಆಗಿಲ್ಲದಿದ್ದರೆ ನಿಮ್ಮ ಬಳಿ ಆದಾಯದ ಅಂಕಿಯೇ ಇರುವುದಿಲ್ಲ. ಆಗ ಮಾಡಬಹುದಾದದ್ದು ಒಂದೇ: ಯಾವ ದೇಶದಿಂದ ಎಷ್ಟು ವ್ಯೂಸ್ ಬರುತ್ತಿದೆ ಎಂದು ಈಗಿನಿಂದಲೇ ಬರೆದಿಟ್ಟುಕೊಳ್ಳುವುದು. ದರ ಆಮೇಲೆ ಸಿಗುತ್ತದೆ.

## ಹಂತ 1: ಶಾರ್ಟ್ಸ್ ಬೇರ್ಪಡಿಸಿ

ಇದನ್ನು ಮಾಡದೆ ಮುಂದೆ ಹೋದರೆ ಉಳಿದ ಲೆಕ್ಕವೆಲ್ಲ ವ್ಯರ್ಥ. ಸಾಮಾನ್ಯ ವಿಡಿಯೊ ಪುಟದಲ್ಲಿ ಬರುವ ಜಾಹೀರಾತಿನ ಆದಾಯದಲ್ಲಿ ಚಾನೆಲ್‌ಗೆ ಶೇ 55 ಸಿಗುತ್ತದೆ. ಶಾರ್ಟ್ಸ್‌ನ ವ್ಯವಸ್ಥೆ ಬೇರೆ. ಅಲ್ಲಿ ಶಾರ್ಟ್ಸ್‌ಗಳ ನಡುವೆ ಬರುವ ಜಾಹೀರಾತಿನ ಹಣ ಒಂದು ಒಟ್ಟು ನಿಧಿಗೆ ಸೇರಿ, ವ್ಯೂಸ್ ಆಧಾರದ ಮೇಲೆ ಹಂಚಿಕೆಯಾಗಿ, ನಿಮ್ಮ ಪಾಲಿಗೆ ಬಂದದ್ದರಲ್ಲಿ ಶೇ 45 ಕೈಸೇರುತ್ತದೆ. ಎರಡರ ದರಗಳೂ ಒಂದಕ್ಕೊಂದು ಹತ್ತಿರವೂ ಬರುವುದಿಲ್ಲ.

ಇನ್ನೊಂದು ತೊಡಕಿದೆ. 2025ರ ಮಾರ್ಚ್ 31ರಿಂದ ಶಾರ್ಟ್ಸ್ ಓಡಲು ಶುರುವಾದ ಕೂಡಲೇ, ಮರಳಿ ಓಡಿದಾಗಲೂ, ಒಂದು ವ್ಯೂ ಎಂದು ಎಣಿಕೆಯಾಗುತ್ತದೆ. ದುಡ್ಡಿನ ಲೆಕ್ಕಕ್ಕೆ ಬರುವುದು `Engaged views` ಎಂಬ ಬೇರೆ ಎಣಿಕೆ. ಹೀಗಾಗಿ ಒಂದು ಶಾರ್ಟ್ಸ್ ಸಿಕ್ಕಾಪಟ್ಟೆ ಓಡಿದ ತಿಂಗಳು ಚಾನೆಲ್‌ನ ಒಟ್ಟು ಆರ್‌ಪಿಎಂ ಪಾತಾಳಕ್ಕೆ ಇಳಿದಂತೆ ಕಾಣುತ್ತದೆ, ಉದ್ದದ ವಿಡಿಯೊಗಳ ದರ ಒಂದು ಪೈಸೆಯೂ ಕಡಿಮೆಯಾಗದಿದ್ದರೂ.

`Analytics` ತೆರೆದು `Advanced mode` ಗೆ ಹೋಗಿ. ಅಲ್ಲಿ ಕಂಟೆಂಟ್ ಬಗೆಯ ಫಿಲ್ಟರ್‌ನಲ್ಲಿ `Videos` ಮಾತ್ರ ಆರಿಸಿ. ಶಾರ್ಟ್ಸ್ ಮತ್ತು ಲೈವ್ ಹೊರಗಿರಲಿ. ಲೈವ್‌ನಲ್ಲಿ ಅಭಿಮಾನಿಗಳು ಕೊಡುವ ಸೂಪರ್ ಚಾಟ್ ಹಣವೂ ಆರ್‌ಪಿಎಂ ಒಳಗೆ ಸೇರಿಕೊಳ್ಳುತ್ತದೆ. ಯಾರೋ ಒಬ್ಬರು ಪ್ರೀತಿಯಿಂದ ಕೊಟ್ಟ ಐದು ನೂರು ರೂಪಾಯಿ ಮುಂದಿನ ವಿಡಿಯೊದ ಅಂದಾಜಿಗೆ ಆಧಾರವಾಗಬಾರದು.

ಅವಧಿಗೆ 90 ದಿನ ಇಟ್ಟುಕೊಳ್ಳಿ. ಇತ್ತೀಚಿನ ದಿನಗಳ ಆದಾಯ ಪೂರ್ತಿ ತುಂಬಿರುವುದಿಲ್ಲ, ಸುಮಾರು ಎರಡು ದಿನ ತಡವಾಗಿ ಬರುತ್ತದೆ. ಆ ತಿಂಗಳ ಅಂತಿಮ ಮೊತ್ತ ನಿಗದಿಯಾಗುವುದು ಮುಂದಿನ ತಿಂಗಳ 7ರಿಂದ 12ನೇ ತಾರೀಕಿನೊಳಗೆ. ಆದ್ದರಿಂದ ಮುಗಿದು ಅಂತಿಮವಾದ ಮೂರು ತಿಂಗಳು ತೆಗೆದುಕೊಂಡರೆ ಅಂಕಿ ಕದಲುವುದಿಲ್ಲ.

## ಹಂತ 2: ಸಿಪಿಎಂ ಕಂಡು ಹಿಗ್ಗಬೇಡಿ

ಸ್ಟುಡಿಯೊದಲ್ಲಿ ಸಿಪಿಎಂ ಎಂದು ಕಾಣುವುದು ಜಾಹೀರಾತುದಾರ ಸಾವಿರ ಬಾರಿ ಜಾಹೀರಾತು ತೋರಿಸಲು ಕೊಟ್ಟ ಹಣ. ಅದು ಯೂಟ್ಯೂಬ್ ತನ್ನ ಪಾಲು ತೆಗೆಯುವ ಮೊದಲಿನ ಮೊತ್ತ. ಮೇಲಾಗಿ ಅದರಲ್ಲಿ ಜಾಹೀರಾತು ಬಂದ ಸಂದರ್ಭಗಳಷ್ಟೇ ಲೆಕ್ಕಕ್ಕೆ ಬರುತ್ತವೆ, ಜಾಹೀರಾತೇ ಬಾರದೆ ನೋಡಿಹೋದ ವ್ಯೂಸ್ ಬರುವುದಿಲ್ಲ. ಆರ್‌ಪಿಎಂ ಎಂದರೆ ಎಲ್ಲ ವ್ಯೂಸ್‌ಗೆ ಹಂಚಿದಾಗ ಸಾವಿರಕ್ಕೆ ನಿಮ್ಮ ಕೈಗೆ ಬಂದದ್ದು.

ಎರಡರ ನಡುವಿನ ದಾರಿಯನ್ನು ಒಮ್ಮೆ ಕೈಯಾರೆ ಲೆಕ್ಕ ಹಾಕಿ ನೋಡಿ. ನಮ್ಮ ತೋಟದ ಚಾನೆಲ್‌ನಲ್ಲಿ ಭಾರತದ ಸಾಲಿನಲ್ಲಿ `Playback-based CPM` ₹110 ಇದೆ. ಎಂದರೆ ಕನಿಷ್ಠ ಒಂದು ಜಾಹೀರಾತಾದರೂ ಬಂದ ಸಾವಿರ ಪ್ಲೇಬ್ಯಾಕ್‌ಗಳಿಗೆ ಜಾಹೀರಾತುದಾರರು ₹110 ಕೊಟ್ಟಿದ್ದಾರೆ. ಆದರೆ ಸಾವಿರ ವ್ಯೂಸ್‌ನಲ್ಲಿ ಜಾಹೀರಾತು ಬಂದದ್ದು 600ಕ್ಕೆ ಮಾತ್ರ. ಹಾಗಾಗಿ ₹110 ಎಂಬುದು ₹66 ಆಯಿತು. ಅದರಲ್ಲಿ ಶೇ 55 ನಿಮ್ಮದು, ₹36.30. ಪ್ರೀಮಿಯಂ ಚಂದಾದಾರರು ನೋಡಿದ್ದಕ್ಕೆ ಬಂದ ₹3.70 ಸೇರಿಸಿದರೆ ಆರ್‌ಪಿಎಂ ₹40.

₹110 ಕಂಡು ಲಕ್ಷ ವ್ಯೂಸ್‌ಗೆ ಹನ್ನೊಂದು ಸಾವಿರ ಎಂದುಕೊಂಡವರಿಗೆ ಬರುವುದು ನಾಲ್ಕು ಸಾವಿರ. ಈ ಲೆಕ್ಕ ತಿಳಿದಿದ್ದರೆ ಮುಂದೆ ದರ ಇಳಿದಾಗ ಕಾರಣ ಹುಡುಕುವುದೂ ಸುಲಭ. ಜಾಹೀರಾತಿನ ಬೆಲೆ ಇಳಿಯಿತೇ ಅಥವಾ ಜಾಹೀರಾತು ಬರುವ ವ್ಯೂಸ್‌ನ ಪಾಲು ಇಳಿಯಿತೇ ಎಂದು ಬೇರೆ ಬೇರೆಯಾಗಿ ನೋಡಬಹುದು. ಎರಡನೆಯದು ಒಮ್ಮೆಲೇ ಕುಸಿದಿದ್ದರೆ ಮೊದಲು ವಿಡಿಯೊಗಳ ಪಕ್ಕದ ಡಾಲರ್ ಗುರುತು ಹಳದಿಯಾಗಿದೆಯೇ ಎಂದು ನೋಡಿ. ಹಳದಿ ಎಂದರೆ ಆ ವಿಡಿಯೊಗೆ ಜಾಹೀರಾತು ಸೀಮಿತವಾಗಿದೆ ಅಥವಾ ಬರುತ್ತಲೇ ಇಲ್ಲ.

## ಹಂತ 3: ದೇಶವಾರು ದರಪಟ್ಟಿ

ಈಗ ಅದೇ ಪುಟದಲ್ಲಿ `Geography` ಆರಿಸಿ, `Views` ಮತ್ತು `Estimated revenue` ಎರಡು ಕಾಲಂ ಇಟ್ಟುಕೊಂಡು ಶೀಟ್‌ಗೆ ಡೌನ್‌ಲೋಡ್ ಮಾಡಿ. ಮೊದಲ ಕಾಲಂನಲ್ಲಿ ದೇಶ, ಎರಡನೆಯದರಲ್ಲಿ ವ್ಯೂಸ್, ಮೂರನೆಯದರಲ್ಲಿ ಆದಾಯ ಇರಲಿ. ನಾಲ್ಕನೆಯದರಲ್ಲಿ ಈ ಸೂತ್ರ ಹಾಕಿ ಕೆಳಗೆ ಎಳೆಯಿರಿ:

```
=C2/B2*1000
```

ತೋಟದ ಚಾನೆಲ್‌ನ 90 ದಿನದ ಪಟ್ಟಿ ಹೀಗಿದೆ:

| ದೇಶ | ವ್ಯೂಸ್ | ಆದಾಯ | ಸಾವಿರಕ್ಕೆ |
|---|---|---|---|
| ಭಾರತ | 1,70,000 | ₹6,800 | ₹40 |
| ಅಮೆರಿಕ | 12,000 | ₹4,200 | ₹350 |
| ಯುಎಇ | 6,000 | ₹720 | ₹120 |
| ಉಳಿದವು | 12,000 | ₹1,680 | ₹140 |
| ಒಟ್ಟು | 2,00,000 | ₹13,400 | ₹67 |

ಅಮೆರಿಕದ ಸಾಲು ಗಮನಿಸಿ. ನೂರರಲ್ಲಿ 6 ವ್ಯೂಸ್ ಮಾತ್ರ ಅಲ್ಲಿನವು, ಆದರೆ ಆದಾಯದ ಸುಮಾರು ಶೇ 31 ಅಲ್ಲಿಂದಲೇ ಬಂದಿದೆ. ಅದೇ ವಿಡಿಯೊ, ಅದೇ ಕನ್ನಡ, ಅದೇ ತಾರಸಿ. ಬದಲಾಗಿರುವುದು ನೋಡುವವರು ಕೂತಿರುವ ಜಾಗ. ಅವರನ್ನು ತಲುಪಲು ಅಲ್ಲಿನ ಮಾರುಕಟ್ಟೆಯ ಜಾಹೀರಾತುದಾರರು ಹರಾಜಿನಲ್ಲಿ ಹೆಚ್ಚು ಬೆಲೆ ಕೂಗುತ್ತಾರೆ. ನೋಡುವವರು ಮಲ್ಲೇಶ್ವರದಿಂದ ಹೋಗಿ ಅಲ್ಲಿ ನೆಲೆಸಿದವರೇ ಆದರೂ ಅವರಿಗೆ ಕಾಣುವುದು ಅಲ್ಲಿನ ಜಾಹೀರಾತು.

ಇದನ್ನು ತಪ್ಪಾಗಿ ತಿಳಿದು ಚಾನೆಲ್‌ನ ದೇಶವನ್ನೇ ಅಮೆರಿಕ ಎಂದು ಬದಲಿಸುವವರಿದ್ದಾರೆ. ಅದರಿಂದ ಏನೂ ಸಿಗುವುದಿಲ್ಲ. ಲೆಕ್ಕಕ್ಕೆ ಬರುವುದು ವೀಕ್ಷಕರ ದೇಶ, ನಿಮ್ಮ ಸೆಟ್ಟಿಂಗ್‌ನಲ್ಲಿ ಬರೆದ ದೇಶವಲ್ಲ.

ಪಟ್ಟಿ ಮಾಡುವಾಗ ಎರಡು ಎಚ್ಚರಿಕೆ ಬೇಕು. ಒಂದು, ಚಿಕ್ಕ ಸಾಲುಗಳನ್ನು ನಂಬಬೇಡಿ. ಒಂದು ದೇಶದಿಂದ 300 ವ್ಯೂಸ್ ಬಂದು ಸಾವಿರಕ್ಕೆ ₹600 ಎಂದು ಕಂಡರೆ ಅದು ದರವಲ್ಲ, ಒಂದೆರಡು ದುಬಾರಿ ಜಾಹೀರಾತಿನ ಆಕಸ್ಮಿಕ. 5,000 ವ್ಯೂಸ್ ದಾಟದ ದೇಶಕ್ಕೆ ನಾನು ಪ್ರತ್ಯೇಕ ಸಾಲು ಕೊಡುವುದಿಲ್ಲ, ಎಲ್ಲವನ್ನೂ "ಉಳಿದವು" ಸಾಲಿಗೆ ಸೇರಿಸುತ್ತೇನೆ. ಎರಡು, "ಉಳಿದವು" ಸಾಲನ್ನು ಒಂದೊಂದೇ ದೇಶ ಕೂಡಿಸಿ ಮಾಡುವ ಬದಲು ಒಟ್ಟಿನಿಂದ ದೊಡ್ಡ ದೇಶಗಳನ್ನು ಕಳೆದು ಮಾಡಿ. ಪಟ್ಟಿಯಲ್ಲಿ ಬಿಟ್ಟುಹೋದ ವ್ಯೂಸ್ ಇದ್ದರೂ ಆಗ ಲೆಕ್ಕ ತಾಳೆಯಾಗುತ್ತದೆ.

## ಹಂತ 4: 8 ನಿಮಿಷದ ಗೆರೆ ಎಳೆದು ಪಟ್ಟಿ ಸೀಳಿ

ವಿಡಿಯೊದ ನಡುವೆ ಬರುವ ಜಾಹೀರಾತು, ಎಂದರೆ ಮಿಡ್‌ರೋಲ್, 8 ನಿಮಿಷ ಅಥವಾ ಅದಕ್ಕಿಂತ ಉದ್ದದ ವಿಡಿಯೊಗೆ ಮಾತ್ರ. 2020ರ ಜುಲೈಗೆ ಮೊದಲು ಈ ಮಿತಿ 10 ನಿಮಿಷ ಇತ್ತು. ಹಳೆಯ ಸಲಹೆ ಓದಿ ಇವತ್ತಿಗೂ 10 ನಿಮಿಷ ಮುಟ್ಟಿಸಲು ಎಳೆದಾಡುವವರಿದ್ದಾರೆ, ಅದರ ಅಗತ್ಯವಿಲ್ಲ. ಇನ್ನು 7 ನಿಮಿಷ 50 ಸೆಕೆಂಡಿನ ವಿಡಿಯೊ ಹಾಕಿ ಮಿಡ್‌ರೋಲ್ ಕಾಣುತ್ತಿಲ್ಲ ಎಂದು ಹುಡುಕುವವರೂ ಇದ್ದಾರೆ. ಅಪ್‌ಲೋಡ್ ಮಾಡುವ ಮೊದಲು ಫೈಲ್‌ನ ಉದ್ದ ನೋಡಿಕೊಳ್ಳಿ.

ಈಗ ನಿಮ್ಮ ವಿಡಿಯೊಗಳನ್ನು 8 ನಿಮಿಷದೊಳಗಿನವು, 8 ನಿಮಿಷ ದಾಟಿದವು ಎಂದು ಎರಡು ಗುಂಪು ಮಾಡಿ. ಸ್ಟುಡಿಯೊದಲ್ಲಿ ವಿಡಿಯೊಗಳ ಗುಂಪು ಮಾಡಿಡುವ ಸೌಲಭ್ಯವಿದೆ. ಒಂದೊಂದು ಗುಂಪಿಗೂ ಹಂತ 3ರ ಪಟ್ಟಿಯನ್ನು ಮತ್ತೆ ತೆಗೆಯಿರಿ. ತೋಟದ ಚಾನೆಲ್‌ನಲ್ಲಿ ಭಾರತದ ₹40 ಸೀಳಿದಾಗ ಚಿಕ್ಕ ವಿಡಿಯೊಗೆ ₹30, ಉದ್ದದ್ದಕ್ಕೆ ₹46 ಎಂದಾಯಿತು. ಅಮೆರಿಕದ ₹350 ಸೀಳಿದರೆ ₹250 ಮತ್ತು ₹410. ಯುಎಇ ಸಾಲನ್ನು ಸೀಳಿದರೆ ತುಣುಕುಗಳು ತೀರಾ ಚಿಕ್ಕವಾಗುತ್ತವೆ, "ಉಳಿದವು" ಸಾಲು ಹಲವು ದೇಶಗಳ ಬೆರಕೆ. ಹಾಗಾಗಿ ಅವನ್ನು ಹಾಗೇ ಬಿಡುವುದು.

ಇಲ್ಲಿ ಒಂದು ಅವಸರದ ತೀರ್ಮಾನ ಕಾದು ಕೂತಿರುತ್ತದೆ: ಎಲ್ಲವನ್ನೂ ಎಳೆದು 8 ನಿಮಿಷ ದಾಟಿಸಿದರೆ ಆಯಿತಲ್ಲ! ಆಗುವುದಿಲ್ಲ. ಉದ್ದದ ಗುಂಪಿಗೆ ಹೆಚ್ಚು ಬಂದಿರುವುದು ಆ ವಿಡಿಯೊಗಳಲ್ಲಿ ಹೇಳಲು ಅಷ್ಟು ವಿಷಯ ಇದ್ದು, ಜನ ಮಧ್ಯದವರೆಗೂ ಕೂತು ನೋಡಿದ್ದರಿಂದ. ನಾಲ್ಕು ನಿಮಿಷದ ವಿಷಯವನ್ನು ಒಂಬತ್ತು ನಿಮಿಷ ಮಾಡಿದರೆ ಮೂರನೇ ನಿಮಿಷಕ್ಕೇ ಎದ್ದು ಹೋಗುತ್ತಾರೆ. ಮಿಡ್‌ರೋಲ್ ಇರುವ ಜಾಗವನ್ನು ಯಾರೂ ಮುಟ್ಟುವುದೇ ಇಲ್ಲ.

## ಹಂತ 5: ಹೊಸ ವಿಡಿಯೊದ ಅಂದಾಜು

ಈಗ ಎರಡು ವಿಡಿಯೊ ಯೋಚನೆಯಲ್ಲಿವೆ. ಒಂದು ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದ 6 ನಿಮಿಷದ ಸುತ್ತಾಟ. ಇನ್ನೊಂದು ಕುಂಡದಲ್ಲಿ ಕರಿಬೇವು ಬೆಳೆಸುವ 11 ನಿಮಿಷದ ವಿವರಣೆ. ಚಳಿ ದೇಶದಲ್ಲಿರುವ ಕನ್ನಡಿಗರಿಗೆ ಕರಿಬೇವು ಉಳಿಸಿಕೊಳ್ಳುವುದೇ ದೊಡ್ಡ ಪಾಡು, ಅದಕ್ಕೇ ಇಂಥ ವಿಡಿಯೊ ಹೊರದೇಶದಲ್ಲಿ ಓಡುತ್ತದೆ.

ಮೊದಲ ಕೆಲಸ, ಹಿಂದೆ ಹಾಕಿದ ಇದೇ ಬಗೆಯ ವಿಡಿಯೊಗಳಲ್ಲಿ ದೇಶವಾರು ಪಾಲು ಎಷ್ಟಿತ್ತು ಎಂದು ನೋಡುವುದು. ಇಡೀ ಚಾನೆಲ್‌ನ ಪಾಲು ಬೇಡ. ಕಳೆದ ಸಲದ ಲಾಲ್‌ಬಾಗ್ ವಿಡಿಯೊದಲ್ಲಿ ಭಾರತ ಶೇ 96, ಅಮೆರಿಕ 1.5, ಯುಎಇ 0.5, ಉಳಿದವು 2 ಇತ್ತು ಎಂದಿಟ್ಟುಕೊಳ್ಳಿ. ಮೆಂತ್ಯ, ಕರಿಬೇವಿನಂಥ ಅಡುಗೆ ಸೊಪ್ಪಿನ ಹಿಂದಿನ ವಿಡಿಯೊದಲ್ಲಿ ಭಾರತ 75, ಅಮೆರಿಕ 14, ಯುಎಇ 3, ಉಳಿದವು 8.

ಪ್ರತಿ ದೇಶದ ದರವನ್ನು ಅದರ ಪಾಲಿನಿಂದ ಗುಣಿಸಿ ಕೂಡಿಸಿ. ಕರಿಬೇವಿಗೆ ಉದ್ದದ ಗುಂಪಿನ ದರ: ಭಾರತದಿಂದ ₹34.50, ಅಮೆರಿಕದಿಂದ ₹57.40, ಯುಎಇಯಿಂದ ₹3.60, ಉಳಿದವುಗಳಿಂದ ₹11.20. ಒಟ್ಟು ಸಾವಿರಕ್ಕೆ ₹106.70. ಲಾಲ್‌ಬಾಗ್‌ಗೆ ಚಿಕ್ಕ ಗುಂಪಿನ ದರ ಹಾಕಿದರೆ ₹28.80, ₹3.75, ₹0.60, ₹2.80 ಸೇರಿ ಸುಮಾರು ₹36.

ಶೀಟ್‌ನಲ್ಲಿ ಆ ಗುಂಪಿನ ದರ ನಾಲ್ಕನೇ ಕಾಲಂನಲ್ಲಿ, ಪಾಲು ಐದನೆಯದರಲ್ಲಿ 75% ಎಂಬಂತೆ % ಗುರುತಿನ ಜೊತೆ, ನಿರೀಕ್ಷಿತ ವ್ಯೂಸ್ F2ನಲ್ಲಿ ಇದ್ದರೆ ಇಷ್ಟು ಸಾಕು:

```
=SUMPRODUCT(D2:D5,E2:E5)*F2/1000
```

ಕರಿಬೇವಿಗೆ 20,000 ವ್ಯೂಸ್ ಎಂದರೆ ₹2,134. ಲಾಲ್‌ಬಾಗ್‌ಗೆ 60,000 ಎಂದರೆ ₹2,157. ಮೂರು ಪಟ್ಟು ವ್ಯೂಸ್, ಹೆಚ್ಚುಕಡಿಮೆ ಒಂದೇ ದುಡ್ಡು. ಚಾನೆಲ್ ಸರಾಸರಿ ₹67 ಹಿಡಿದಿದ್ದರೆ ಲಾಲ್‌ಬಾಗ್ ವಿಡಿಯೊಗೆ ₹4,020 ಬರುತ್ತದೆ ಎಂದುಕೊಂಡು, ಅದರ ಮೇಲೆ ಕ್ಯಾಮೆರಾ ಬಾಡಿಗೆಯೂ ಮಾತಾಡಿ ಆಗಿರುತ್ತಿತ್ತು.

ಲಾಲ್‌ಬಾಗ್ ವಿಡಿಯೊ ಮಾಡಬೇಡಿ ಎಂದಲ್ಲ. ಅದರಿಂದ ಹೊಸ ಚಂದಾದಾರರು ಬರಬಹುದು, ಊರಿನ ನರ್ಸರಿಯವರು ಕೈಜೋಡಿಸಬಹುದು. ಜಾಹೀರಾತಿನ ದುಡ್ಡು ಎಷ್ಟು ಎಂಬುದನ್ನು ಸರಿಯಾಗಿ ಎಣಿಸಿಕೊಂಡು ಮಾಡಿ.

ಕಾಲಮಾನವನ್ನೂ ಇಲ್ಲೇ ನೋಡಬೇಕು. ವರ್ಷದ ಕೊನೆಯ ತಿಂಗಳುಗಳಲ್ಲಿ, ದೀಪಾವಳಿಯಿಂದ ಕ್ರಿಸ್‌ಮಸ್‌ವರೆಗೆ, ಜಾಹೀರಾತಿನ ಬೆಲೆ ಸಾಮಾನ್ಯವಾಗಿ ಏರಿ ಜನವರಿಯಲ್ಲಿ ಇಳಿಯುತ್ತದೆ. ಲಾಲ್‌ಬಾಗ್‌ನ ಒಂದು ಪ್ರದರ್ಶನ ಗಣರಾಜ್ಯೋತ್ಸವದ ಹೊತ್ತಿಗೇ ಬರುವುದರಿಂದ ಅಕ್ಟೋಬರ್–ಡಿಸೆಂಬರ್ ದರಪಟ್ಟಿ ಹಿಡಿದು ಅದರ ಅಂದಾಜು ಹಾಕಿದರೆ ಎರಡು ಕಡೆಯಿಂದ ಏಟು ಬೀಳುತ್ತದೆ. ಹಿಂದಿನ ವರ್ಷದ ಜನವರಿಯ ಅಂಕಿ ಇದ್ದರೆ ಅದನ್ನೇ ಬಳಸಿ. ಸ್ವಾತಂತ್ರ್ಯ ದಿನದ ಪ್ರದರ್ಶನಕ್ಕೆ ಆಗಸ್ಟ್ ಹಿಂದಿನ ಮೂರು ತಿಂಗಳು ಸಾಕು.

## ಹಂತ 6: ಜಾಹೀರಾತಿನ ಜಾಗ

ಮೊದಲು ನಿಮ್ಮ ಕೈಯಲ್ಲಿ ಏನಿದೆ, ಏನಿಲ್ಲ ಎಂದು ತಿಳಿದುಕೊಳ್ಳಿ. ವಿಡಿಯೊ ಶುರುವಿನಲ್ಲಿ ಸ್ಕಿಪ್ ಮಾಡಬಹುದಾದ ಜಾಹೀರಾತು ಬರಬೇಕೇ, ಮಾಡಲಾಗದ್ದು ಬರಬೇಕೇ ಎಂದು ವಿಡಿಯೊ ವಿಡಿಯೊಗೂ ಆರಿಸುವ ಅವಕಾಶವನ್ನು ಯೂಟ್ಯೂಬ್ 2023ರ ಕೊನೆಯಲ್ಲಿ ತೆಗೆದುಹಾಕಿತು. ಮೊದಲಿನ ಮತ್ತು ಕೊನೆಯ ಜಾಹೀರಾತನ್ನು ಅದೇ ತೀರ್ಮಾನಿಸುತ್ತದೆ. ನಿಮಗೆ ಉಳಿದಿರುವುದು ನಡುವಿನ ಜಾಗ.

ನಡುವೆ ನೀವು ಗುರುತು ಹಾಕುವುದು ಜಾಹೀರಾತನ್ನಲ್ಲ, ಅದಕ್ಕೊಂದು ಅವಕಾಶವನ್ನು. ಮೂರು ಗುರುತು ಹಾಕಿದರೆ ಮೂರು ಜಾಹೀರಾತು ಬಂದೇ ಬರುತ್ತದೆ ಎಂದಿಲ್ಲ. ವೀಕ್ಷಕರು ಆ ಕ್ಷಣಕ್ಕೆ ತಲುಪಬೇಕು, ಆಗ ಅವರಿಗೆ ತೋರಿಸಲು ಜಾಹೀರಾತೂ ಇರಬೇಕು. ಆದ್ದರಿಂದ ಗುರುತುಗಳನ್ನು ಎಣಿಸಬೇಡಿ, ಅಲ್ಲಿಗೆ ತಲುಪುವವರನ್ನು ಎಣಿಸಿ.

ಕರಿಬೇವಿನ ವಿಡಿಯೊ ಹೀಗೆ ಸಾಗುತ್ತದೆ. ಮೊದಲ 40 ಸೆಕೆಂಡು ಎಲೆ ಹಳದಿಯಾದ ಗಿಡ ತೋರಿಸುವುದು. ಆಮೇಲೆ ಕೆಂಪು ಮಣ್ಣು, ಮರಳು, ಗೊಬ್ಬರ ಬೆರೆಸುವುದು. 4:10ಕ್ಕೆ ಮಣ್ಣು ತಯಾರು, ಗಿಡವನ್ನು ಹಳೆ ಕುಂಡದಿಂದ ತೆಗೆಯಬೇಕು. 7:30ಕ್ಕೆ ನೆಟ್ಟು ಮುಗಿದು ಚಳಿಗಾಲದ ಆರೈಕೆ ಶುರು. 10:20ಕ್ಕೆ ಬೇವಿನೆಣ್ಣೆ ಸಿಂಪಡಿಸುವ ಮಾತು.

ಹಿಂದಿನ ಇದೇ ಬಗೆಯ ವಿಡಿಯೊದ ರಿಟೆನ್ಶನ್ ಗೆರೆ ತೆರೆದು ಈ ಮೂರು ಜಾಗದಲ್ಲಿ ಎಷ್ಟು ಜನ ಉಳಿದಿದ್ದಾರೆ ಎಂದು ಓದಿ. 4:10ರಲ್ಲಿ ಶೇ 55, 7:30ರಲ್ಲಿ 34, 10:20ರಲ್ಲಿ 18 ಎಂದಿದ್ದರೆ ಸಾವಿರ ವ್ಯೂಸ್‌ಗೆ 550, 340, 180 ಅವಕಾಶ ಸಿಕ್ಕಂತೆ. ಮೂರೂ ಸೇರಿ 1,070. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮೊದಲನೆಯದೊಂದರಿಂದಲೇ. ಕೊನೆಯದನ್ನು ತೆಗೆದರೂ ಹೆಚ್ಚು ನಷ್ಟವಿಲ್ಲ, ಇಟ್ಟರೂ ಹೆಚ್ಚು ಲಾಭವಿಲ್ಲ.

ಹಾಗಾದರೆ ಮೊದಲ ಗುರುತನ್ನು ಇನ್ನೂ ಮುಂದಕ್ಕೆ, 1:00ಕ್ಕೆ ತಂದರೆ? ಅಲ್ಲಿ ಶೇ 80 ಜನ ಇರುತ್ತಾರೆ, ಅವಕಾಶ ಹೆಚ್ಚುತ್ತದೆ. ಆದರೆ ಆ ಹೊತ್ತಿಗೆ ವೀಕ್ಷಕರಿಗೆ ಏನೂ ಸಿಕ್ಕಿರುವುದಿಲ್ಲ. ಕೈ ಇನ್ನೂ ಮಣ್ಣು ಮುಟ್ಟಿಲ್ಲ, ಅಷ್ಟರಲ್ಲಿ ಸೋಪಿನ ಜಾಹೀರಾತು. ಒಂದಷ್ಟು ಜನ ಅಲ್ಲೇ ಹಿಂದೆ ಹೋಗುತ್ತಾರೆ. ಮಾತಿನ ನಡುವೆ, ಪ್ರಮಾಣ ಹೇಳುತ್ತಿರುವಾಗ ಹಾಕಿದ ಗುರುತೂ ಹಾಗೆಯೇ. ಒಂದು ಕೆಲಸ ಮುಗಿದು ಇನ್ನೊಂದು ಶುರುವಾಗುವ ಸಂದಿಯಲ್ಲಿ ಇಡಿ. ವಿಡಿಯೊದ `Manage mid-rolls` ತೆರೆದು, ಯೂಟ್ಯೂಬ್ ತಾನಾಗಿ ಹಾಕಿದ ಗುರುತುಗಳನ್ನು ಒಂದೊಂದಾಗಿ ಓಡಿಸಿ ನೋಡಿ. ಮಾತು ತುಂಡಾಗುವ ಜಾಗದಲ್ಲಿದ್ದರೆ ಪಕ್ಕಕ್ಕೆ ಸರಿಸಿ.

ಇಲ್ಲಿಯೇ ಆರ್‌ಪಿಎಂ ನಿಮ್ಮನ್ನು ದಾರಿ ತಪ್ಪಿಸುತ್ತದೆ. ಗುರುತು ಹೆಚ್ಚಿಸಿದಾಗ ಭಾರತದ ದರ ₹46ರಿಂದ ₹52ಕ್ಕೆ ಏರಿತು ಎನ್ನಿ. ಆದರೆ ಜನ ಬೇಗ ಎದ್ದು ಹೋಗಿ, ಸರಾಸರಿ ನೋಡಿದ ಸಮಯ 5:20ರಿಂದ 4:30ಕ್ಕೆ ಇಳಿದು, ಯೂಟ್ಯೂಬ್ ಆ ವಿಡಿಯೊವನ್ನು ಕಡಿಮೆ ಜನರ ಮುಂದೆ ಇಟ್ಟು, ಭಾರತದಿಂದ 20,000 ಬದಲು 15,000 ವ್ಯೂಸ್ ಬಂದರೆ ₹920 ಬರಬೇಕಾದಲ್ಲಿ ₹780 ಬರುತ್ತದೆ. ಸಾವಿರಕ್ಕೆ ಬಂದದ್ದು ಹೆಚ್ಚಾಯಿತು, ವಿಡಿಯೊಗೆ ಬಂದದ್ದು ಕಡಿಮೆಯಾಯಿತು. ಹಾಗಾಗಿ ಗುರುತಿನ ಪರೀಕ್ಷೆಯನ್ನು ಮೊದಲ 28 ದಿನದ ಒಟ್ಟು ಆದಾಯ ಮತ್ತು ಸರಾಸರಿ ನೋಡಿದ ಸಮಯ, ಎರಡನ್ನೂ ಪಕ್ಕ ಪಕ್ಕ ಇಟ್ಟು ಮಾಡಿ. ಒಂದೇ ವಿಡಿಯೊ ನೋಡಿ ತೀರ್ಪು ಬೇಡ. ಒಂದೇ ಬಗೆಯ ನಾಲ್ಕೈದು ವಿಡಿಯೊಗಳಲ್ಲಿ ಅದೇ ಕಂಡರೆ ಮಾತ್ರ ನಂಬಿ.

## ಹಂತ 7: ಕೈಗೆ ಬರುವ ಮೊತ್ತ

ಸ್ಟುಡಿಯೊ ತೋರಿಸುವುದು ತೆರಿಗೆ ಕಡಿತಕ್ಕೆ ಮೊದಲಿನ ಆದಾಯ. ಅಮೆರಿಕದ ವೀಕ್ಷಕರಿಂದ ಬಂದ ಭಾಗಕ್ಕೆ ಅಲ್ಲಿನ ತೆರಿಗೆ ಕಡಿತವಾಗುತ್ತದೆ. ಆ್ಯಡ್‌ಸೆನ್ಸ್‌ನಲ್ಲಿ ತೆರಿಗೆ ಮಾಹಿತಿ ಕೊಟ್ಟು ಭಾರತ–ಅಮೆರಿಕ ಒಪ್ಪಂದದ ದರ ಕೇಳಿಕೊಂಡಿದ್ದರೆ ಅದು ಶೇ 15. ನಮ್ಮ ಪಟ್ಟಿಯ ₹4,200ರಲ್ಲಿ ₹630 ಹೋಗುತ್ತದೆ, ಅಮೆರಿಕದ ದರ ₹350 ಇದ್ದದ್ದು ₹297.50 ಆಗುತ್ತದೆ. ಮಾಹಿತಿಯನ್ನೇ ಕೊಡದಿದ್ದರೆ ಕಡಿತ ಅಮೆರಿಕದ ಭಾಗಕ್ಕೆ ನಿಲ್ಲುವುದಿಲ್ಲ. ಇಡೀ ಜಗತ್ತಿನ ಆದಾಯದ ಮೇಲೆ ಶೇ 24ರವರೆಗೆ ಹೋಗಬಹುದು, ₹13,400ರಲ್ಲಿ ₹3,216. ಫಾರ್ಮ್ ತುಂಬುವ ಅರ್ಧ ಗಂಟೆಯನ್ನು ಮುಂದೂಡಬೇಡಿ. ಅಲ್ಲಿ ಕಡಿತವಾದದ್ದನ್ನು ಇಲ್ಲಿನ ರಿಟರ್ನ್‌ನಲ್ಲಿ ಲೆಕ್ಕಕ್ಕೆ ತರುವ ಬಗ್ಗೆ ನಿಮ್ಮ ಆಡಿಟರ್ ಹತ್ತಿರ ಮಾತಾಡಿ.

ಹಣ ಬರುವುದು ಸಾಮಾನ್ಯವಾಗಿ ಮುಂದಿನ ತಿಂಗಳ 21ರಿಂದ 26ರೊಳಗೆ, ಅದೂ ಖಾತೆಯಲ್ಲಿ 100 ಡಾಲರ್ ದಾಟಿದ್ದರೆ. ತೋಟದ ಚಾನೆಲ್‌ನಂತೆ ತಿಂಗಳಿಗೆ ನಾಲ್ಕೂವರೆ ಸಾವಿರದ ಆಸುಪಾಸಿನಲ್ಲಿ ಇರುವವರಿಗೆ ಪ್ರತಿ ತಿಂಗಳೂ ಹಣ ಬರುವುದಿಲ್ಲ. ಅದನ್ನು ನಂಬಿ ಇಎಂಐ ಕಟ್ಟಿಕೊಳ್ಳಬೇಡಿ.

## ಲೆಕ್ಕ ಹಳಿ ತಪ್ಪಿದ ಲಕ್ಷಣ

ಒಟ್ಟು ಆರ್‌ಪಿಎಂ ಇಳಿದಾಗ ಮೊದಲು ದೇಶವಾರು ಪಟ್ಟಿ ತೆರೆಯಿರಿ. ನಮ್ಮ ಪಟ್ಟಿಯ ಎರಡು ಲಕ್ಷ ವ್ಯೂಸ್‌ಗೆ ಲಾಲ್‌ಬಾಗ್ ವಿಡಿಯೊದ 60,000 ಸೇರಿಸಿ ನೋಡಿ. ಆದಾಯ ₹13,400ರಿಂದ ₹15,557ಕ್ಕೆ ಏರುತ್ತದೆ, ಆರ್‌ಪಿಎಂ ಮಾತ್ರ ₹67ರಿಂದ ₹60ರ ಹತ್ತಿರ ಇಳಿಯುತ್ತದೆ. ಒಂದೇ ಒಂದು ಜಾಹೀರಾತಿನ ಬೆಲೆಯೂ ಇಳಿದಿಲ್ಲ, ಭಾರತದ ಚಿಕ್ಕ ವಿಡಿಯೊ ವ್ಯೂಸ್ ಹೆಚ್ಚು ಸೇರಿದೆ ಅಷ್ಟೆ. ಇದನ್ನು ಕುಸಿತ ಎಂದು ತಿಳಿದು ಚೆನ್ನಾಗಿ ಓಡುತ್ತಿರುವ ಬಗೆಯನ್ನು ನಿಲ್ಲಿಸುವುದು ನಾನು ಹೆಚ್ಚು ಕಾಣುವ ತಪ್ಪು.

ಪ್ರತಿ ದೇಶದ ಸಾಲೂ ಒಟ್ಟಿಗೆ ಇಳಿದಿದ್ದರೆ ಕಾರಣ ಕಾಲಮಾನದ್ದಿರಬೇಕು. ಭಾರತ, ಅಮೆರಿಕ ಎರಡರಲ್ಲೂ ಉದ್ದದ ಗುಂಪು ಮಾತ್ರ ಇಳಿದಿದ್ದರೆ ಮಿಡ್‌ರೋಲ್ ಆಫ್ ಆಗಿದೆಯೇ, ಜನ ಅಲ್ಲಿಗೆ ತಲುಪುತ್ತಿದ್ದಾರೆಯೇ ನೋಡಿ. ಸ್ಟುಡಿಯೊದ ಅಂಕಿಗೂ ಆ್ಯಡ್‌ಸೆನ್ಸ್‌ಗೆ ಬಂದ ಅಂತಿಮ ಮೊತ್ತಕ್ಕೂ ತೆರಿಗೆ ಬಿಟ್ಟು ದೊಡ್ಡ ವ್ಯತ್ಯಾಸವಿದ್ದರೆ ಅಮಾನ್ಯ ಟ್ರಾಫಿಕ್ ಕಾರಣಕ್ಕೆ ಕಳೆದಿರಬಹುದು. ದುಡ್ಡು ಕೊಟ್ಟು ವ್ಯೂಸ್ ತರಿಸಿದ ಚಾನೆಲ್‌ಗಳಲ್ಲಿ ಇದು ಮೊದಲು ಕಾಣುವುದು ಇಲ್ಲಿಯೇ.

## ಹಂತ 8: 28 ದಿನದ ನಂತರ ತಾಳೆ ನೋಡಿ

ಕರಿಬೇವಿನ ವಿಡಿಯೊಗೆ 20,000 ವ್ಯೂಸ್, ₹2,134 ಎಂದು ಬರೆದಿಟ್ಟಿದ್ದೆವು. 28 ದಿನಕ್ಕೆ ಬಂದದ್ದು 18,000 ವ್ಯೂಸ್, ₹1,490 ಎನ್ನಿ. ಕೊರತೆ ₹644. ಈ ಕೊರತೆಯನ್ನು ಮೂರು ಪಾಲು ಮಾಡಬೇಕು.

ಮೊದಲು ವ್ಯೂಸ್. ಅಂದುಕೊಂಡ ₹106.70 ದರದಲ್ಲೇ 18,000ಕ್ಕೆ ₹1,921 ಬರಬೇಕಿತ್ತು. ಅಲ್ಲಿಗೆ ₹213 ಕೊರತೆ ವ್ಯೂಸ್‌ನದು. ಎರಡನೆಯದು ದೇಶಗಳ ಪಾಲು. ನಿಜವಾಗಿ ಭಾರತ 82, ಅಮೆರಿಕ 8, ಯುಎಇ 3, ಉಳಿದವು 7 ಆಗಿತ್ತು. ಹಳೆಯ ದರಗಳನ್ನೇ ಈ ಪಾಲಿಗೆ ಹಾಕಿದರೆ ಸಾವಿರಕ್ಕೆ ₹83.92, ಒಟ್ಟು ₹1,511. ಇಲ್ಲಿ ₹410 ಹೋಯಿತು. ಉಳಿದ ₹21 ಮಾತ್ರ ದರದ ವ್ಯತ್ಯಾಸ.

ಎಂದರೆ ದರಪಟ್ಟಿ ಸರಿ ಇದೆ, ಅದನ್ನು ಮುಟ್ಟಬೇಡಿ. ತಪ್ಪಿದ್ದು ಅಮೆರಿಕದ ಶೇ 14 ಎಂಬ ನಿರೀಕ್ಷೆ, ಅದನ್ನು ಒಂದೇ ಹಳೆಯ ವಿಡಿಯೊದಿಂದ ಎತ್ತಿಕೊಂಡಿದ್ದೆವು. ಮುಂದಿನ ಸೊಪ್ಪಿನ ವಿಡಿಯೊಗೆ ಇದೂ ಸೇರಿದಂತೆ ಹಿಂದಿನ ಮೂರು ವಿಡಿಯೊಗಳ ವ್ಯೂಸ್ ಕೂಡಿಸಿ ಪಾಲು ತೆಗೆಯಿರಿ. ದರಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ಹೊಸದಾಗಿ ಮಾಡಿದರೆ ಸಾಕು, ದೇಶಗಳ ಪಾಲನ್ನು ಮಾತ್ರ ಪ್ರತಿ ವಿಡಿಯೊಗೂ ತಿದ್ದಿಕೊಳ್ಳಬೇಕು.